ಕೊಪ್ಪರಿಗೆಯ ಆಚೆ ನಿಂತು ಎತ್ತಿದ ಕೈ

ಆತಗೂರಿನ ಆಲೆಮನೆಯಲ್ಲಿ ನಾನು ಒಲೆಗೆ ಕಬ್ಬಿನ ಸಿಪ್ಪೆ ತುಂಬುವವನು, ಕರಿಯಯ್ಯ ಬೆಲ್ಲದ ಪಾಕ ಇಳಿಸುವವನು. ಇಬ್ಬರ ಕೆಲಸಕ್ಕೂ ಅಜಗಜಾಂತರ. ಸಿಪ್ಪೆ ಯಾರು ಬೇಕಾದರೂ ತುಂಬಬಹುದು. ಕುದಿಯುವ ಕಬ್ಬಿನ ಹಾಲಿನ ನೊರೆ ನೋಡಿ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ, "ಈಗ ಇಳಿಸಿ" ಎಂದು ಕೈಸನ್ನೆ ಮಾಡಬಲ್ಲವನು ಸುತ್ತಿನಲ್ಲಿ ಅವನೊಬ್ಬನೇ. ಹುಟ್ಟುಕಿವುಡ. ಊರವರು 'ಕೆಪ್ಪ' ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನನ್ನು ಮಾತಾಡಿಸುವ ಕ್ರಮ ನಾನೂ ಒಂದೇ ದಿನದಲ್ಲಿ ಕಲಿತದ್ದಲ್ಲ. ಹಿಂದಿನಿಂದ ಹೋಗಬಾರದು. ಎದುರಿಗೆ ಬಂದು, ಹೊಗೆ ಆವಿ ತಪ್ಪಿಸಿ, ಮುಖದ ಮೇಲೆ ಬೆಳಕು ಬೀಳುವಲ್ಲಿ ನಿಲ್ಲಬೇಕು. ಅವನ ಕಣ್ಣು ಮೇಲೆದ್ದ ಮೇಲೆ ಕೈ ಎತ್ತಬೇಕು. ಬೆರಳು ಕೂಡಿಸಿ ಬಾಯಿ ಹತ್ತಿರ ಒಯ್ದು ಹುಬ್ಬೇರಿಸಿದರೆ 'ಉಂಡ್ಯಾ' ಎಂದ ಹಾಗೆ. ಅರಚಿದರೆ ನಮ್ಮ ಗಂಟಲು ಒಣಗುತ್ತದೆ, ಅಷ್ಟೆ. ಎಲ್ಲರಿಗೂ ಅವನು ಕೈಯಲ್ಲೇ ಹೆಸರಿಟ್ಟಿದ್ದ. ಹುಬ್ಬಿನ ಮೇಲೆ ಗೀರೆಳೆದರೆ ನಾನು, ನನಗಲ್ಲಿ ಗಾಯದ ಗುರುತಿದೆ. ಮೀಸೆ ತಿರುವಿದರೆ ಆಲೆಮನೆಯ ಹಳೇ ಯಜಮಾನರು.

ಯುದ್ಧದ ಕಾಲದಲ್ಲಿ ಆ ಯಜಮಾನರು ತೀರಿಕೊಂಡರು. ಮಗ ಹೊನ್ನಯ್ಯ ಆಲೆಮನೆಗೆ ಬಂದ. ಕೆಟ್ಟವನಲ್ಲ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಬಂದ ಮೂರನೇ ದಿನ, ಪಾಕ ಇನ್ನೇನು ಇಳಿಯಬೇಕು, ಹಿಂದಿನಿಂದ ಕೂಗಿದ.

"ಏಯ್ ಕರಿಯಯ್ಯ! ಯಜಮಾನ ಬಂದ್ರೆ ತಿರ್ಗೂ ನೋಡಕಿಲ್ವೇನ್ಲಾ?"

ಕಿವಿ ಕೇಳದ್ದು ಅವನಿಗೆ ಗೊತ್ತಿತ್ತು, ಸಿಟ್ಟಿನಲ್ಲಿ ಮರೆತ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಹೆಗಲ ಮೇಲೆ ರಪ್ಪನೆ ಬಡಿದೇಬಿಟ್ಟ. ಕರಿಯಯ್ಯ ಬೆಚ್ಚಿಬಿದ್ದ. ಕೈಯ ಸೌಟು ಜಾರಿ, ಕುದಿಪಾಕ ಅವನ ಮಣಿಕಟ್ಟಿನ ಮೇಲೆ ಚೆಲ್ಲಿತು. ಗಾಯಕ್ಕೆ ನೀರು ಸುರಿಯುವ ಗದ್ದಲದಲ್ಲಿ ಕೊಪ್ಪರಿಗೆ ತುಂಬ ಬೆಲ್ಲ ಸೀದು ಕರ್ರಗಾಯಿತು.

ಮಾರನೆಯ ಬೆಳಿಗ್ಗೆ ಹೊನ್ನಯ್ಯ ಗಂಡಹೆಂಡಿರಿಬ್ಬರನ್ನೂ ಕರೆಸಿದ. ಕರಿಯಯ್ಯ ಎದುರಿಗೇ ನಿಂತಿದ್ದರೂ ಹೊನ್ನಯ್ಯ ಮಾತಾಡಿದ್ದು ಅವನ ಹೆಂಡತಿ ಚಿಕ್ಕನಂಜಮ್ಮನ ಜೊತೆ.

"ಕರುದ್ರೆ ಕೇಳ್ದಿರೋನ್ನ ಒಲೆ ಮುಂದೆ ಮಡಿಕೊಳಾಕಾಯ್ತದಾ? ನಾಳೆಯಿಂದ ಕಬ್ಬು ಒರೋಕೆ ಓಗ್ಲಿ ಅಂತ ಏಳಮ್ಮ."

ಇಪ್ಪತ್ತು ವರ್ಷದ ಪಾಕದ ಕೈಗೆ ಕಬ್ಬಿನ ಹೊರೆ! ಚಿಕ್ಕನಂಜಮ್ಮ ಕದಲಲಿಲ್ಲ.

"ನನ್ಗ್ಯಾಕೆ ಏಳೀರಿ ಬುದ್ಧಿ? ಎದುರ್ಗೇ ನಿಂತವ್ರಲ್ಲ, ಅವ್ರ ಮಕ ನೋಡ್ಕೊಂಡು ಅವ್ರಿಗೇ ಏಳಿ."

ಹೊನ್ನಯ್ಯನಿಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಒಲೆ ತೋರಿಸಿ ಬೇಡವೆಂದು ಕೈಯಾಡಿಸಿದ. ಕರಿಯಯ್ಯನಿಗೆ ಅರ್ಥವಾಗಲು ಅಷ್ಟು ಸಾಕಾಗಿತ್ತು.

ಅವನು ಮುಂದೆ ಬಂದು ಕೈಮುಗಿದ. ಹೊನ್ನಯ್ಯನ ಎರಡೂ ಅಂಗೈಯನ್ನು ಹೊನ್ನಯ್ಯನದೇ ಕಿವಿಗಳ ಮೇಲೆ ಇಡಿಸಿ, ಮೊಣಕೈ ಹಿಡಿದು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದ. ಏನೋ ಬೇಡಿಕೊಳ್ಳುತ್ತಾನೆ ಎಂದುಕೊಂಡು ಹೊನ್ನಯ್ಯನೂ ತಿರುಗಿದ. ಕರಿಯಯ್ಯ ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಹಿಂದಿನಿಂದ ಹೆಗಲ ಮೇಲೆ ರಪ್ಪೆಂದು ಒಂದು ಬಿಟ್ಟ.

"ಅವ್ವಾ!" ಎಂದು ಹೊನ್ನಯ್ಯ ಹಾರಿಬಿದ್ದ.

ಯಜಮಾನನ ಮೈಮೇಲೆ ಕೈ! ಹೊನ್ನಯ್ಯ ಕೆಂಡವಾಗಿ ತಿರುಗುವಷ್ಟರಲ್ಲಿ ಕರಿಯಯ್ಯ ಸುತ್ತಿಬಂದು ಎದುರಿಗೆ, ಎರಡು ಮಾರು ದೂರದಲ್ಲಿ, ಬಾಗಿಲ ಬೆಳಕಿನಲ್ಲಿ ನಿಂತಿದ್ದ. ಕಣ್ಣಿಗೆ ಕಣ್ಣು ಕೂಡುವವರೆಗೆ ಕಾದ. ಸುಟ್ಟ ಗಾಯಕ್ಕೆ ಬಟ್ಟೆ ಸುತ್ತಿದ ಕೈಯನ್ನೇ ಎತ್ತಿದ, ನಕ್ಕ. ಬೆರಳು ಕೂಡಿಸಿ ಬಾಯಿಗೊಯ್ದು ಹುಬ್ಬೇರಿಸಿದ: ಉಂಡ್ರಾ?

ಹೊನ್ನಯ್ಯ ಆ ಬಟ್ಟೆಯನ್ನೇ ನೋಡಿದ. ಅವನ ಮುಖದ ಸಿಟ್ಟು ಇಳಿದುಹೋಯಿತು. ಒಳಗೆ ನಡೆದ. ಕೆಲಸ ಉಳಿಯಿತೋ ಹೋಯಿತೋ ನಮಗೆ ತಿಳಿಯಲಿಲ್ಲ.

ಮರುದಿನ ಕರಿಯಯ್ಯ ಬಂದವನೇ ಒಲೆಯ ಮುಂದೆ ನಿಂತ. ಪಾಕ ಏರುವ ಹೊತ್ತಿಗೆ ಹೊನ್ನಯ್ಯ ಬಂದ. ಬಾಯಲ್ಲಿದ್ದ ಎಲೆಯಡಿಕೆ ಹೊರಗೆ ಉಗಿದು, ಕೊಪ್ಪರಿಗೆಯನ್ನು ಬಳಸಿಕೊಂಡು ಎದುರಿಗೆ, ಆವಿ ತಾಗದ ಕಡೆ ನಿಂತ. ಕರಿಯಯ್ಯ ನೊರೆಯಿಂದ ಕಣ್ಣು ಕೀಳದೆ ಒಂದು ಬೆರಳೆತ್ತಿದ. ತಾಳಿ! ಯಜಮಾನ ತಾಳಿದ. ಕೊಪ್ಪರಿಗೆ ಇಳಿಯುವವರೆಗೂ, ಅಷ್ಟು ಜನ ಆಳುಗಳ ಮುಂದೆ, ಸುಮ್ಮನೆ ನಿಂತಿದ್ದ. ಕಡೆಗೆ ಕರಿಯಯ್ಯ ತಲೆಯೆತ್ತಿದಾಗ ಹೊನ್ನಯ್ಯ ಮೆಲ್ಲಗೆ ಕೈ ಎತ್ತಿದ. ಬೆರಳು ಕೂಡಿಸಿ ಬಾಯಿಗೆ ಒಯ್ದ. ಆಮೇಲೆ ಒಲೆ ತೋರಿಸಿ, ಕರಿಯಯ್ಯನನ್ನು ತೋರಿಸಿ, ತಲೆಯಾಡಿಸಿದ. ನನಗೆ ಕಣ್ಣು ತುಂಬಿತು, ಹೊಗೆಯ ನೆಪ ಹೇಳುವುದಿಲ್ಲ.

ಆ ಎರಡು ದಿನ ಹೊನ್ನಯ್ಯನ ಸುದ್ದಿ ಬಂದಾಗಲೆಲ್ಲ ಕರಿಯಯ್ಯ ತನ್ನ ಹೆಗಲ ಮೇಲೆ ಬಡಿದು ತೋರಿಸುತ್ತಿದ್ದ. ಅದೇ ಅವನಿಟ್ಟ ಹೆಸರು. ಹೊನ್ನಯ್ಯ ಕೈ ಎತ್ತಿದ ದಿನದ ಸಂಜೆ ನಾನೂ ಹಾಗೇ ಹೆಗಲು ಬಡಿದು ತಮಾಷೆ ಮಾಡಲು ಹೋದೆ. ಕರಿಯಯ್ಯ ನನ್ನ ಕೈಯನ್ನು ಹೆಗಲಿಂದ ಇಳಿಸಿ, ಅಂಗೈ ಬಿಡಿಸಿ ಮೇಲಕ್ಕೆತ್ತಿದ. ಸುಮ್ಮನೆ ಎತ್ತಿ ಕಾಯುವ ಕೈ. ಅಂದಿನಿಂದ ಹೊನ್ನಯ್ಯನ ಹೆಸರು ಅದೇ ಆಯಿತು.