ಎರಡರಲ್ಲೂ ಇಲ್ಲದ ಷರತ್ತು

ನಮ್ಮ ಮಾವನವರು ಜೀವಮಾನವೆಲ್ಲ ಸರ್ಕಾರಿ ಬಸ್ಸು ಓಡಿಸಿದವರು. ನಮ್ಮೂರು ಸಿಂದಗಿಯಿಂದ ಆಲಮೇಲ, ಇಂಡಿ, ಒಮ್ಮೊಮ್ಮೆ ಮುದ್ದೇಬಿಹಾಳ. ಇವತ್ತಿಗೂ ಸಂತೆಯಲ್ಲಿ ಯಾರಾದರೂ ಮುದುಕಿ ಅವರನ್ನು ಗುರುತು ಹಿಡಿದು, "ಡ್ರೈವರಪ್ಪಾ, ಆರಾಮ ಅದೀಯಾ?" ಎಂದು ಕೇಳುತ್ತಾಳೆ. ಆಗ ಮಾವನವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ.

ಕಾರು ಕೊಂಡದ್ದು ನನ್ನ ಗಂಡ, ಆದರೆ ಅದು ಮಾವನವರ ಕಾರೇ ಆಗಿತ್ತು. ಗಂಡನಿಗೆ ಬಸವನ ಬಾಗೇವಾಡಿಯಲ್ಲಿ ನೌಕರಿ. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆಗೆ ಮನೆ. ನಾನು ಕನ್ನೊಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ, ನನಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ. ಹೀಗಾಗಿ ನನ್ನನ್ನು ಶಾಲೆಗೆ ಬಿಡುವುದು, ಮತ್ತೆ ಕರೆತರುವುದು ಮಾವನವರ ಕೆಲಸ. ಅದನ್ನು ಅವರು ಕೆಲಸ ಎನ್ನುತ್ತಿರಲಿಲ್ಲ, ಡ್ಯೂಟಿ ಎನ್ನುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ದಿನ ಕಳೆಯಲು ಅವರಿಗೆ ಇದ್ದದ್ದು ಅದೊಂದೇ.

ಈ ವರ್ಷ ಅವರಿಗೆ ಅರವತ್ತೆಂಟು ತುಂಬಿತು, ನನಗೆ ಅವರ ಪಕ್ಕ ಕೂರಲು ಹೆದರಿಕೆ ಶುರುವಾಯಿತು. ಮೊದಲು ನಮ್ಮ ಗೇಟಿಗೇ ಬಂಪರ್ ಉಜ್ಜಿದರು. ಗೇಟು ಸಣ್ಣದು ಎಂದು ನಕ್ಕೆವು. ಆಮೇಲೊಂದು ದಿನ ಶಾಲೆಯ ಮುಂದೆ ನನ್ನದೇ ತರಗತಿಯ ಹುಡುಗಿ ರಸ್ತೆ ದಾಟುತ್ತಿದ್ದಳು. ನಾನು ಕಿರುಚಿದ ಮೇಲೆಯೇ ಮಾವನವರು ಬ್ರೇಕ್ ಒತ್ತಿದ್ದು. ಕಾರು ಹುಡುಗಿಯ ಚೀಲಕ್ಕೆ ಮುಟ್ಟುವಷ್ಟು ಹತ್ತಿರ ನಿಂತಿತು. "ಬ್ರೇಕ್ ಭಾಳ ಗಟ್ಟಿ ಅದಾವ ನೋಡು ಯವ್ವಾ," ಎಂದರು. ನಾನು ಇಳಿದು ಹುಡುಗಿಯ ಕೈ ಹಿಡಿದು ಶಾಲೆಯೊಳಗೆ ಹೋದೆ.

ಗಂಡನಿಗೆ ಹೇಳಿದರೆ, "ನಾ ಹೇಳಿದ್ರ ಸಿಟ್ಟಿಗೇಳ್ತಾನ. ನೀನ ಹೇಳು, ನಿನ್ನ ಮಾತು ಕೇಳ್ತಾನ," ಎಂದರು. ಮಗ ಹೆದರುವ ಅಪ್ಪನಿಗೆ ಸೊಸೆ ಬುದ್ಧಿ ಹೇಳಬೇಕಂತೆ. ಆಯಿತು, ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ದಾರಿ ಹುಡುಕುತ್ತ ನಾನೂ ದಿನ ದೂಡಿದೆ.

ಅಷ್ಟರಲ್ಲಿ ಕಾರಿನ ವಿಮೆ ಮುಗಿಯಲು ಬಂತು. ಗಂಡ ಫೋನಿನಲ್ಲೇ ಒಂದು ಕಂಪನಿಯ ದರ ತೆಗೆದು ಸ್ಕ್ರೀನ್‌ಶಾಟ್ ಹಿಡಿದರು. ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯವರು ವಿಮೆಯ ಏಜೆಂಟರೂ ಹೌದು. ಅವರು ಇನ್ನೊಂದು ಕಂಪನಿಯ ಸ್ಕ್ರೀನ್‌ಶಾಟ್ ಕಳಿಸಿದರು. ಗಂಡನದು ಎರಡೂವರೆ ಸಾವಿರದಷ್ಟು ಅಗ್ಗ. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಪಡಸಾಲೆಯಲ್ಲಿ ಕುಳಿತೆವು. ನನ್ನ ಫೋನಿನಲ್ಲಿ ಒಂದು, ಗಂಡನ ಫೋನಿನಲ್ಲಿ ಇನ್ನೊಂದು. ಇಂಗ್ಲಿಷ್ ಓದಿ ಹೇಳುವ ಜವಾಬ್ದಾರಿ ನನ್ನದು.

"ಸೋವಿ ಅಂದ್ರ ಏನ ಬಿಟ್ಟಾರ ನೋಡು ಮೊದಲ," ಎಂದರು ಮಾವನವರು.

ಬಿಟ್ಟದ್ದು ಬಹಳವಿತ್ತು. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕೊಡುವ ಮೊತ್ತವನ್ನು ಅಗ್ಗದ ಕಂಪನಿ ಐವತ್ತು ಸಾವಿರ ಕಡಿಮೆ ಹಿಡಿದಿತ್ತು. ಎದುರಿನವರಿಗೆ ಹಾನಿಯಾದರೆ ಕೊಡುವ ಭಾಗದ ಪ್ರೀಮಿಯಂ ಮಾತ್ರ ಎರಡರಲ್ಲೂ ಒಂದೇ, ಅದು ಸರ್ಕಾರ ಗೊತ್ತು ಮಾಡಿದ ದರ. ಡಿಡಕ್ಟಿಬಲ್ ಎನ್ನುವ ಸಾಲಿಗೆ ಬಂದಾಗ ಮಾವನವರು ತಡೆದರು. ರಿಪೇರಿ ಖರ್ಚಿನಲ್ಲಿ ಮೊದಲಿನ ಅಷ್ಟು ರೂಪಾಯಿ ನಮ್ಮ ಕೈಯಿಂದ ಹೋಗುತ್ತದೆ, ಅದರಾಚೆಯದು ಕಂಪನಿಯದು ಎಂದು ಬಿಡಿಸಿ ಹೇಳಿದೆ. ಏಜೆಂಟರು ಕಳಿಸಿದ್ದರಲ್ಲಿ ಅದು ಒಂದು ಸಾವಿರ ಮಾತ್ರ, ಎಲ್ಲರಿಗೂ ಕಡ್ಡಾಯವಾದದ್ದು. ಅಗ್ಗದ್ದರಲ್ಲಿ ಅದರ ಮೇಲೆ ಏಳೂವರೆ ಸಾವಿರವನ್ನು "ಸ್ವಇಚ್ಛೆಯಿಂದ" ಎಂದು ಸೇರಿಸಿದ್ದರು. ಪ್ರೀಮಿಯಂ ಇಳಿದದ್ದರ ಗುಟ್ಟುಗಳಲ್ಲಿ ಇದೂ ಒಂದು.

"ನಾ ಗೇಟಿಗೆ ಉಜ್ಜಿದೆನಲ್ಲ, ಆ ಬಂಪರಿಗೆ ಆರು ಸಾವಿರ ಹೋತು. ಇದರಾಗ ಎಷ್ಟ ಕೊಡ್ತಿದ್ರು?"

"ಒಂದ ರೂಪಾಯಿನೂ ಇಲ್ರಿ ಮಾವಾರ. ಎಂಟೂವರೆ ಸಾವಿರದ ತನಕ ನಮ್ದ."

"ಮತ್ತ ಅದರಾಗ?"

ಇನ್ನೊಂದರಲ್ಲಿ ಸವಕಳಿ ಕಳೆಯದೆ ಬಿಡಿಭಾಗದ ಪೂರ್ತಿ ಬೆಲೆ ಕೊಡುವ ಕವರ್ ಇತ್ತು. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಮುರಿದುಕೊಳ್ಳುವ ಮಾತೇ ಇಲ್ಲ. ಹತ್ತಿರ ಹತ್ತಿರ ಐದು ಸಾವಿರ ಬರುತ್ತಿತ್ತು ಎಂದೆ. ಗಾಡಿಯ ಮಾಲೀಕ ಓಡಿಸುವಾಗ ಸತ್ತರೆ ಮನೆಯವರಿಗೆ ಸಿಗುವ ಅಪಘಾತ ವಿಮೆಯೂ ಅದರಲ್ಲಿತ್ತು, ಗಂಡ ಅಗ್ಗದ್ದರಲ್ಲಿ ಅದರ ಟಿಕ್ ತೆಗೆದಿದ್ದರು. "ಹೆಂಡ್ತಿ ಮುಂದ ಕುಂತ ಹಂಗ ಟಿಕ್ ತಗೀಬಾರದೋ ಮಂಗ್ಯಾ," ಎಂದು ಮಾವನವರು ನಕ್ಕರು. ನಾವೂ ನಕ್ಕೆವು. ಆ ಮಧ್ಯಾಹ್ನ ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು.

ಕೊನೆಗೆ ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಎನ್ನುವ ಭಾಗ ಬಂತು. ಎರಡರಲ್ಲೂ ಹೆಚ್ಚುಕಡಿಮೆ ಅವೇ ಸಾಲುಗಳು. ಲೈಸೆನ್ಸ್ ಇಲ್ಲದವರು ಓಡಿಸಿದರೆ ಇಲ್ಲ. ಮಾವನವರು ಅಂಗಿಯ ಜೇಬು ಮುಟ್ಟಿಕೊಂಡರು. ಡಾಕ್ಟರ ಸರ್ಟಿಫಿಕೇಟು ಕೊಟ್ಟು ಹೋದ ವರ್ಷವೇ ನವೀಕರಿಸಿಕೊಂಡಿದ್ದರು. ಕುಡಿದು ಓಡಿಸಿದರೆ ಇಲ್ಲ. "ನಾ ಚಹಾ ಬಿಟ್ರ ಏನೂ ಮುಟ್ಟಂಗಿಲ್ಲ." ಸ್ವಂತದ ಗಾಡಿಯನ್ನು ಬಾಡಿಗೆಗೆ ಬಿಟ್ಟರೆ ಇಲ್ಲ. "ಬರೋಬರಿ ಐತಿ." ಒಂದೊಂದಕ್ಕೂ ತಾನು ಪಾಸಾದೆ ಎನ್ನುವ ಸಂತೋಷ ಅವರ ಮುಖದಲ್ಲಿತ್ತು.

ಗಂಡ ನನ್ನ ಕಡೆ ನೋಡಿದರು. ನಾನು ಫೋನಿನ ಕಡೆ ನೋಡಿದೆ. ಮತ್ತೆ, ಅಲ್ಲಿ ಬರೆದೇ ಇಲ್ಲದ್ದನ್ನು ಓದಿದೆ.

"ಅರವತ್ತೈದು ದಾಟಿದವರು ಗಾಡಿ ಹೊಡದ್ರ ಕ್ಲೇಮ್ ಇಲ್ಲಂತರಿ."

ಮೊದಲೇ ಯೋಚಿಸಿದ್ದ ಮಾತಲ್ಲ ಅದು. ಆದರೆ ಮಕ್ಕಳಿಗೆ ಪಾಠ ಓದುವ ಅದೇ ದನಿಯಲ್ಲಿ, ತಡವರಿಸದೆ ಬಂತು. ಮಾವನವರ ಕೈ ಜೇಬಿನ ಮೇಲೆಯೇ ಇತ್ತು. ಕೇಳಿದರು, "ಎರಡರಾಗೂ ಐತೇನು?"

ಹೋಲಿಸಲು ಕುಳಿತವರು ಕೇಳಲೇಬೇಕಾದ ಪ್ರಶ್ನೆ ಅದು. ಇಲ್ಲಿ ನಾನು ಹಿಂದೆ ಸರಿಯಬಹುದಿತ್ತು, ತಪ್ಪಾಗಿ ಓದಿದೆ ಎನ್ನಬಹುದಿತ್ತು. ಗಂಡನ ಫೋನು ಇಸಿದುಕೊಂಡು, ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಹುಡುಕಿದಂತೆ ಮಾಡಿ, "ಹೌದ್ರಿ, ಎರಡರಾಗೂ ಐತ್ರಿ," ಎಂದೆ.

ಮಾವನವರು ಎದ್ದು ಕಾರಿನ ಕೀಲಿಯನ್ನು ಟಿವಿಯ ಪಕ್ಕ ಇಟ್ಟು, ಕೋಣೆಗೆ ಹೋಗಿ ಮಲಗಿದರು. ಅಡುಗೆಮನೆಯಲ್ಲಿ ಗಂಡ ಪಿಸುಗುಟ್ಟಿದರು, "ಚಲೋ ಕೆಲಸ ಮಾಡಿದಿ." ಆಗ ನನಗೆ ಖುಷಿಯಾದದ್ದು ನಿಜ. ಈಗ ನೆನೆದರೆ ನಾಚಿಕೆಯಾಗುವುದು ಸುಳ್ಳಿಗಿಂತ ಹೆಚ್ಚಾಗಿ ಆ ಖುಷಿಗೆ.

ಸೋಮವಾರದಿಂದ ನಾನು ಬಸ್ಸಿನಲ್ಲಿ ಶಾಲೆಗೆ ಹೋದೆ. ಮಾವನವರು ಏನೂ ಗೊಣಗಲಿಲ್ಲ. ಎಂದಿನ ಹೊತ್ತಿಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು, ಹೋಗಲು ಯಾವ ಜಾಗವೂ ಇಲ್ಲದೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಎರಡೂ ಸ್ಕ್ರೀನ್‌ಶಾಟ್ ತಮ್ಮ ಫೋನಿಗೆ ಕಳಿಸು ಎಂದು ಒಮ್ಮೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ಯಾಕ್ರಿ ಮಾವಾರ, ನಾ ಓದಿ ಹೇಳೇನಲ್ರಿ?" ಎಂದೆ. "ಹಂಗ, ಇರ್ಲಿ," ಎಂದರು. ಕಳಿಸಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡೆ. ಎಂಥ ಧೈರ್ಯ ಅದು!

ಶುಕ್ರವಾರ ಶಾಲೆ ಬಿಟ್ಟ ಮೇಲೆ ಹಣ ಕಟ್ಟಲು ಝೆರಾಕ್ಸ್ ಅಂಗಡಿಗೆ ಹೋದೆ. ಗಂಡನೂ ನಾನೂ ದುಬಾರಿಯದನ್ನೇ ಗೊತ್ತು ಮಾಡಿದ್ದೆವು. ಏಜೆಂಟರು ರಸೀದಿ ತೆಗೆಯುತ್ತ ನಕ್ಕರು.

"ಅಕ್ಕೋರ, ನಿಮ್ಮ ಮಾವಾರು ಬುಧವಾರ ಬಂದಿದ್ರು. ಎರಡೂ ಫೋಟೋ ತೋರಿಸಿ, ವಯಸ್ಸಾದವರು ಹೊಡಿಬಾರದು ಅನ್ನೂ ಕಂಡೀಷನ್ ತಗಸಾಕ ಎಷ್ಟ ಹೆಚ್ಚಿಗಿ ಆಗತೈತಿ, ಪೆನ್ಶನ್ನಿನಾಗ ನಾನ ಕೊಡ್ತೇನಿ ಅಂದ್ರು."

"ನೀವೇನ ಹೇಳಿದ್ರಿ?"

"ಏನ ಹೇಳೂದ್ರಿ? ಅಂಥಾ ಕಂಡೀಷನ್ ಎರಡರಾಗೂ ಇಲ್ಲ, ಲೈಸೆನ್ಸ್ ಚಾಲ್ತಿ ಇದ್ರ ಮುಗೀತು ಅಂದೆ. ಬೇಕಂದ್ರ ಇಡೀ ಪಾಲಿಸಿ ಓದಿ ಹೇಳ್ತೇನಿ ಅಂದೆ. ಓದಿಸಿದ್ರು ನೋಡ್ರಿ, ಪುಟ ಬಿಡದಂಗ. ಯಾರ ಹೇಳಿದ್ರರಿ ನಿಮಗ ಅಂತ ಕೇಳಿದ್ರ, 'ಯಾರೂ ಇಲ್ಲಪಾ, ನನ್ನ ಕಿವಿ ಸರಿ ಕೇಳಂಗಿಲ್ಲ,' ಅಂದ್ರು."

ಅಂಗಡಿಯಲ್ಲಿ ಇಬ್ಬರು ಪರಿಚಯದವರಿದ್ದರು. ಅವರಿಗೆ ಏನೂ ಗೊತ್ತಿಲ್ಲ ಎಂದು ನನಗೆ ಗೊತ್ತು. ಆದರೂ ಭೂಮಿ ಬಾಯಿಬಿಟ್ಟು ನುಂಗಿದರೆ ಸಾಕು ಎನಿಸಿತು. ಬುಧವಾರವೇ ಅವರಿಗೆ ತಿಳಿದಿತ್ತು. ಅಂದು ಸಂಜೆ ನನಗೆ ಚಹಾ ಮಾಡಿಟ್ಟಿದ್ದರು. ಗುರುವಾರ ನನ್ನ ಚೀಲ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದರು. ಕೀಲಿ ಟಿವಿಯ ಪಕ್ಕದಿಂದ ಅಲುಗಿರಲಿಲ್ಲ.

ಮನೆಗೆ ಹೋದಾಗ ಅವರು ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದರು. ರಸೀದಿ ಕೈಗೆ ಕೊಟ್ಟೆ.

"ಯಾವುದ ಮಾಡಿಸಿದಿ?"

"ಒಂದ ಸಾವಿರದ್ದು, ಏಜೆಂಟರು ಕಳಿಸಿದ್ದು."

"ಚಲೋ ಆತು. ಸೋವಿದ್ದು ನಡು ನೀರಾಗ ಕೈ ಬಿಡ್ತಿತ್ತು."

ನಾನು ಅಲ್ಲಿಯೇ ಕುಳಿತೆ. "ಮಾವಾರ, ನಾ ಸುಳ್ಳ ಓದಿದೆರಿ," ಎಂದೆ.

"ಗೊತ್ತೈತಿ."

"ಆ ಹುಡುಗಿ ಅಡ್ಡ ಬಂದ ದಿನದಿಂದ ನನಗ ಅಂಜಿಕಿ ಆಗಾಕತ್ತೈತ್ರಿ. ನಿಮ್ಮ ಮುಂದ ಹೇಳಾಕ ಆಗ್ಲಿಲ್ರಿ."

ಅವರು ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟರು. ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಸ್ಸಿನ್ಯಾಗ ಹೆಣ್ಮಕ್ಕಳು ಹಿಂದಿಂದ ಒದರ್ತಿದ್ರು, 'ಯಪ್ಪಾ, ಸಾವಕಾಶ ಹೊಡಿಯೋ, ಅಂಜಿಕಿ ಬರತೈತಿ,' ಅಂತ. ನಾ ಎಕ್ಸಲೇಟರ್ ಮ್ಯಾಲಿಂದ ಕಾಲ ತಗೀತಿದ್ದೆ. ಒಬ್ಬಾಕಿನೂ ನನಗ ಕಾಯ್ದೆ ಓದಿ ಹೇಳಲಿಲ್ಲ." ನನ್ನ ಕಡೆ ತಿರುಗಿದರು. "ಅಂಜಿಕಿ ಆಗತೈತಿ ಅನ್ನಾಕ ನಿನಗ ಎರಡ ಕಂಪನಿ ಬೇಕಾದುವೇನ ಯವ್ವಾ?"