ಮಗಳಿಗೂ ಜಿಎಸ್‌ಟಿ ನಂಬರ್ ಇದೆ

ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಬಿಡಿಭಾಗ ಮಾರುವ ಹೇಮಾವತಿ, ಮಳಿಗೆಯ ಬಾಡಿಗೆಯೊಂದಿಗೆ ಶೇಕಡ ಹದಿನೆಂಟರಷ್ಟು ಜಿಎಸ್‌ಟಿಯನ್ನೂ ತಪ್ಪದೆ ಕೊಟ್ಟವಳು. ತನ್ನ ಮಾರಾಟದ ತೆರಿಗೆಯಲ್ಲಿ ಅಷ್ಟನ್ನು ಕ್ರೆಡಿಟ್ ಆಗಿ ಕಳೆದು, ಉಳಿದದ್ದನ್ನಷ್ಟೇ ಕಟ್ಟುವುದು ಅವಳ ಹಕ್ಕು. ಆದರೆ ಹೋದ ಹಣಕಾಸು ವರ್ಷದ ಆ ಕ್ರೆಡಿಟ್ ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಾಣಲೇ ಇಲ್ಲ. ಅದನ್ನು ಪಡೆಯುವ ಗಡುವು ನವೆಂಬರಿಗೆ ಮುಗಿಯುತ್ತಿತ್ತು. ಸುಗ್ಗಿಯ ಸರಕು ತರಿಸಲು ಅವಳು ನೆಚ್ಚಿದ್ದೂ ಅದನ್ನೇ.

ಮಳಿಗೆಯ ಮಾಲೀಕ ಉಮಾಪತಿಯವರನ್ನು ಅವರ ತೆರಿಗೆ ಸಲಹೆಗಾರನ ಕಚೇರಿಯಲ್ಲೇ ಹಿಡಿದಳು.

"ತೆರಿಗಿ ಕಟ್ಟೀನವ್ವ, ನುಂಗಿಲ್ಲ."

"ಬಾಡಿಗಿ ಬಿಲ್ಲಿನ್ಯಾಗ ನನ್ನ ಜಿಎಸ್‌ಟಿ ನಂಬರ್ ಎಲ್ಲೈತ್ರಿ?"

"ನೀ ನಮ್ಮ ಮನಿ ಮಗಳಿದ್ದಂಗ. ನಿನಗ್ಯಾಕ ನಂಬರ್ ಅಂತ ಬರಸಲಿಲ್ಲ."

ನಂಬರಿಲ್ಲದ್ದರಿಂದ ಬಾಡಿಗೆಯು ನೋಂದಣಿಯಿಲ್ಲದ ಗ್ರಾಹಕರ ಲೆಕ್ಕಕ್ಕೆ ಸೇರಿತ್ತು. ವಾತ್ಸಲ್ಯಕ್ಕೆ ಕಾನೂನು ಕ್ರೆಡಿಟ್ ಕೊಡುವುದಿಲ್ಲವೆಂಬುದು ಆ ಹಿರಿಯರಿಗೆ ತಿಳಿಯದೆ ಹೋಯಿತೇ?

"ಮಗಳ ಕಡಿಂದ ಹದಿನೆಂಟು ಪರ್ಸೆಂಟ್ ಯಾಕ ತಗೊಂಡ್ರಿ, ಕಾಕಾ?"

ಸಲಹೆಗಾರ ನಗು ತಡೆದುಕೊಂಡ. ಉಮಾಪತಿ ತಲೆ ತಗ್ಗಿಸಿದರು. ನವೆಂಬರಿನಲ್ಲಿ ಸಲ್ಲಿಸುವ ಅಕ್ಟೋಬರ್ ತಿಂಗಳ ರಿಟರ್ನ್‌ನಲ್ಲಿ ತಿದ್ದಲು ಇನ್ನೂ ಅವಕಾಶವಿತ್ತು. ಹಳೆಯ ನಮೂದುಗಳನ್ನು ತಿದ್ದಿ, ಬಿಲ್ಲುಗಳನ್ನೆಲ್ಲ ಅವಳ ನಂಬರಿಗೆ ಹಾಕಿಸಿದರು. ಎಲ್ಲವೂ ಸಲ್ಲಿಕೆಯಾಗುವವರೆಗೆ ಹೇಮಾವತಿ ಕುರ್ಚಿ ಬಿಡಲಿಲ್ಲ. ನವೆಂಬರ್ ಹದಿನಾಲ್ಕರಂದು ಪೋರ್ಟಲ್‌ನಲ್ಲಿ ಕ್ರೆಡಿಟ್ ಕಂಡಿತು. ಅಂದೇ ಸುಗ್ಗಿಯ ಸರಕು ಕಳಿಸಲು ಹೇಳಿದಳು.