ಬಾಡಿಗೆ ಹಾಡು

ಅಪ್ಪನೂ ನಾನೂ ಮಾತು ಬಿಟ್ಟು ಒಂದು ವರ್ಷವಾಗಿತ್ತು. ಮಂಡಿನೋವು ಇಟ್ಟುಕೊಂಡು ದೇವಸ್ಥಾನದ ಪೂಜೆ ಮಾಡಬೇಡಿ, ಅಣ್ಣನಿಗೆ ಬಿಟ್ಟುಕೊಡಿ ಅಂತ ಹೇಳಿದ್ದೇ ತಪ್ಪಾಯಿತು. ಅವರದು ಮೂಗಿನ ತುದಿಯ ಕೋಪ. ನನಗೂ ಅದೇ ಮೂಗು.

ಆದರೂ ದಿನಾ ಬೆಳಿಗ್ಗೆ ಆರಕ್ಕೆ ಶ್ರೀನಿವಾಸಪುರದಿಂದ ನಾನು ಮುಳಬಾಗಿಲಿಗೆ ಫೋನ್ ಮಾಡುತ್ತಿದ್ದೆ. ಅಪ್ಪ ಎತ್ತುತ್ತಿರಲಿಲ್ಲ. ತೀರಿಕೊಂಡ ಅಮ್ಮ ಹಾಡುತ್ತಿದ್ದ ದೇವರನಾಮವನ್ನೇ ಅವರು ಕಾಲರ್ ಟ್ಯೂನ್ ಮಾಡಿಸಿಕೊಂಡಿದ್ದರು. ಅದು ಪೂರ್ತಿ ಮುಗಿದ ಮೇಲೆ ಅವರಿಂದ ಒಂದು ಮಿಸ್ಡ್ ಕಾಲ್. ಚೆನ್ನಾಗಿದ್ದೀನಿ ಅಂತ ಅದರ ಅರ್ಥ.

ಒಂದು ದಿನ ಹಾಡು ಇಲ್ಲ, ಬರೀ ಟ್ರಿಂಗ್ ಟ್ರಿಂಗ್. ಮಿಸ್ಡ್ ಕಾಲೂ ಬರಲಿಲ್ಲ. ಮರುದಿನವೂ ಅಷ್ಟೆ. ಅಣ್ಣನನ್ನು ಕೇಳಿದರೆ, ಅಪ್ಪ ಆರಾಮಾಗಿದ್ದಾರೆ ಅಂದ. ಹಾಗಾದರೆ ನನ್ನ ಮೇಲಿನ ಸಿಟ್ಟಿಗೆ ಅಮ್ಮನ ಹಾಡನ್ನೂ ತೆಗೆಸಿದರಾ? ನನಗೆ ಮೈಯೆಲ್ಲ ಉರಿಯಿತು. ಭಾನುವಾರ ಜಗಳಕ್ಕೇ ತಯಾರಾಗಿ ಬಸ್ ಹತ್ತಿದೆ.

ಅಪ್ಪ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. "ಹಾಡು ಯಾಕೆ ತೆಗೆಸಿದ್ರಿ?" ಅಂದೆ.

"ನಾನ್ಯಾಕೆ ತೆಗೆಸ್ಲಿ? ನನ್ನ ಫೋನಿನ ಹಾಡು ನನಗೆ ಕೇಳ್ಸುತ್ತಾ? ಫೋನ್ ಕೆಟ್ಟಿದೆ ಕಣೇ. ಮಿಸ್ಡ್ ಕಾಲ್ ಕೊಡಕ್ಕೆ ಹೋದ್ರೆ ಯಾವಳೋ ಇಂಗ್ಲಿಷಲ್ಲಿ ಬೈತಾಳೆ."

ಇಬ್ಬರೂ ಬೀದಿ ಕೊನೆಯ ರೀಚಾರ್ಜ್ ಅಂಗಡಿಗೆ ಹೋದೆವು. ಅಂಗಡಿಯಾಕೆ ಬ್ಯಾಲೆನ್ಸ್ ನೋಡಿ ನಕ್ಕಳು.

"ಸ್ವಾಮ್ಯೋರೆ, ಒಂದು ರೂಪಾಯಿನೂ ಇಲ್ಲ. ಕಾಲ್ ಹೆಂಗೆ ಹೋಗುತ್ತೆ?"

"ಮಿಸ್ಡ್ ಕಾಲ್‌ಗೆ ದುಡ್ಡು ಹೋಗಲ್ವಲ್ಲಮ್ಮ! ನಾನು ಒಂದು ಕಾಲೂ ಮಾತಾಡಿಲ್ಲ."

"ಹಾಡಿಗೆ ಹೋಗುತ್ತಲ್ಲ. ತಿಂಗಳು ತಿಂಗಳು ಬ್ಯಾಲೆನ್ಸ್‌ನಲ್ಲೇ ಹಿಡ್ಕೋತಾರೆ. ಈ ಸಲ ಹಿಡಿಯೋಕೆ ಸಾಲ್ಲಿಲ್ಲ, ರಿನ್ಯೂ ಆಗ್ಲಿಲ್ಲ. ನಾಲ್ಕು ದಿನ ನೋಡಿ, ಇದ್ದ ಚಿಲ್ಲರೆನೂ ಹಿಡ್ಕೊಂಡು ನಿಲ್ಸಿದ್ದಾರೆ. ಮೆಸೇಜೂ ಬಂದಿದೆ ನೋಡಿ, ನೀವು ಓದಿಲ್ಲ."

"ಹಾಡಿಗೂ ಬಾಡಿಗೆನಾ!" ಅಂದರು ಅಪ್ಪ. ಒಂದೇ ಸಲ ದುಡ್ಡು ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದರು. ನಾನು ಮೂರು ದಿನ ಉರಿದದ್ದು ಅಷ್ಟಕ್ಕೇ. ನಾಚಿಕೆಯಾಯಿತು.

ರೀಚಾರ್ಜ್ ಮಾಡಿಸಿದೆ. "ಹಾಡು ತಾನಾಗೇ ಬರಲ್ಲ, ನಿಂತುಹೋಗಿದೆ. ಮತ್ತೆ ಹೊಸದಾಗಿ ಹಾಕ್ಬೇಕು. ಹಾಕ್ಲಾ?" ಅಂತ ಆಕೆ ಕೇಳಿದಳು.

"ಹಾಕಿ," ಅಂದೆ ನಾನು.

"ಬೇಡ," ಅಂದರು ಅಪ್ಪ.

ನಾನು ಮತ್ತೆ ಸಿಡುಕಿದೆ. "ಯಾಕೆ? ಹೆಂಗೂ ಎತ್ತಲ್ಲ, ಹಾಡಾದ್ರೂ ಇರ್ಲಿ. ನನ್ನ ಮೇಲೆ ಇನ್ನೂ ಅಷ್ಟು ಕೋಪಾನಾ?"

ಅಪ್ಪ ನನ್ನ ಮುಖವನ್ನೇ ನೋಡಿದರು.

"ಕೋಪ ಯಾವತ್ತೋ ಹೋಯ್ತು ಕಣೇ. ಎತ್ತಿದ್ರೆ ಹಾಡು ನಿಂತುಹೋಗುತ್ತೆ ಅಂತ ಅವತ್ತು ಹಾಡು ಹಾಕೋವಾಗ್ಲೇ ಈ ಅಂಗಡಿಯವಳು ಹೇಳಿದ್ಲು. ನೀನು ನಿಮ್ಮಮ್ಮನ ಹಾಡು ಕೇಳ್ತಿರ್ತೀಯ, ಮುಗೀಲಿ ಅಂತ ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿರ್ತಿದ್ದೆ. ಹಾಡಿಲ್ದಿದ್ರೆ ಎತ್ತಬಹುದಲ್ಲ."